ಬರಲಾಗದು ಎನ್ನಲು ಒಂದು ಸಾಲು

ನವೆಂಬರ್ ಬಂತೆಂದರೆ ಕರ್ನಾಟಕದಲ್ಲಿ ಸಾಹಿತಿಗಳಿಗೂ ಕನ್ನಡ ಮೇಷ್ಟ್ರುಗಳಿಗೂ ಬಿಡುವಿರುವುದಿಲ್ಲ. ರಾಜ್ಯೋತ್ಸವ ಒಂದನೇ ತಾರೀಖಿನದಾದರೂ ಕಾಲೇಜು, ಬ್ಯಾಂಕು, ಬಡಾವಣೆಯ ಸಂಘಗಳೆಲ್ಲ ತಿಂಗಳಿಡೀ ಅದನ್ನು ಆಚರಿಸುತ್ತವೆ. ಹೀಗಾಗಿ ಒಬ್ಬರನ್ನೇ ಒಂದೇ ದಿನಕ್ಕೆ ಮೂರು ಕಡೆಯವರು ಕರೆಯುವುದುಂಟು. ಅವರು ಫೋನಿನಲ್ಲಿ “ನೋಡೋಣ, ಪ್ರಯತ್ನ ಮಾಡ್ತೀನಿ” ಎನ್ನುತ್ತಾರೆ. ನಮ್ಮಲ್ಲಿ ಮುಖ್ಯ ಅತಿಥಿಯಾಗಬೇಕಾದವರು “ಇಲ್ಲ” ಎನ್ನುವುದು ಹೀಗೆಯೇ. ಸಂಘಟಕರು ಮಾತ್ರ ಅದನ್ನೇ ಒಪ್ಪಿಗೆಯೆಂದು ತಿಳಿದು ಕಾರ್ಡು ಅಚ್ಚು ಹಾಕಿಸಿಬಿಡುತ್ತಾರೆ.

ಸಾಗರದ ಒಂದು ಪದವಿ ಕಾಲೇಜಿನ ಕನ್ನಡ ಸಂಘ ಮೈಸೂರಿನ ನಿವೃತ್ತ ಪ್ರಾಧ್ಯಾಪಕಿಯೊಬ್ಬರನ್ನು ಕರೆಯಬೇಕೆಂದಿದೆ ಎಂದಿಟ್ಟುಕೊಳ್ಳೋಣ. ಅವರು ಸ್ಥಳನಾಮಗಳ ಅಧ್ಯಯನ ಮಾಡಿದವರು, ವಯಸ್ಸು ಎಪ್ಪತ್ತರ ಆಸುಪಾಸು. ರಾತ್ರಿ ಮೈಸೂರಿನಿಂದ ಹೊರಡುವ ತಾಳಗುಪ್ಪ ರೈಲು ಅವರಿಗೆ ಅನುಕೂಲ. ರೈಲ್ವೆ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. ಕೆಳಗಿನ ಬರ್ತ್ ಸಿಗಬೇಕೆಂದರೆ ಪತ್ರ ಸೆಪ್ಟೆಂಬರ್ ಕೊನೆಯೊಳಗೆ ಹೋಗಿರಬೇಕು.

ಮೊದಲು ಪರಿಚಯದ ಒಬ್ಬರು ಫೋನಿನಲ್ಲಿ ಪ್ರಸ್ತಾಪ ಮಾಡಬೇಕು, ಆಮೇಲೆ ಪತ್ರ. ಫೋನಿನಲ್ಲೇ ಉತ್ತರ ಕೇಳಬಾರದು. “ಪತ್ರ ಕಳಿಸ್ತೀವಿ ಮೇಡಂ, ನೋಡಿ ತಿಳಿಸಿ” ಎಂದರೆ ಸಾಕು. ಪತ್ರದಲ್ಲಿ ಎರಡು ದಿನ ಕೊಡುವುದು ಒಳ್ಳೆಯದು: ನವೆಂಬರ್ 18 ಅಥವಾ 25, ಬೆಳಿಗ್ಗೆ 10.30. ಆ ದಿನಗಳಲ್ಲಿ ಕಿರುಪರೀಕ್ಷೆ ಇದೆಯೇ ಎಂದು ಪ್ರಾಂಶುಪಾಲರನ್ನು ಮೊದಲೇ ಕೇಳಿಕೊಂಡಿರಬೇಕು. ಅತಿಥಿ ಒಪ್ಪಿದ ಮೇಲೆ ನಾವೇ ದಿನ ಬದಲಿಸುವಷ್ಟು ಮುಜುಗರ ಇನ್ನೊಂದಿಲ್ಲ.

ಇನ್ನು ವಿಷಯ. “ತಮಗಿಷ್ಟವಾದ ವಿಷಯ ಮಾತಾಡಿ” ಎನ್ನುವುದು ಔದಾರ್ಯದಂತೆ ಕಾಣುತ್ತದೆ. ಕೇಳುವವರಿಗೆ ಮಾತ್ರ ಅದು ಇವರು ನನ್ನ ಪುಸ್ತಕ ಓದಿಲ್ಲ ಎಂದೇ ಕೇಳಿಸುತ್ತದೆ. ‘ಕನ್ನಡದ ಅಳಿವು–ಉಳಿವು’ ಎಂದರೆ ಯಾರು ಬೇಕಾದರೂ ಮಾತಾಡಬಹುದಾದ ವಿಷಯ, ಇವರೇ ಏಕೆ ಬೇಕು? ‘ಮಲೆನಾಡಿನ ಊರ ಹೆಸರುಗಳು’ ಎಂದು ಬರೆದು, ಕೊಪ್ಪ, ಗದ್ದೆ, ಸರ ಎಂದು ಕೊನೆಯಾಗುವ ಊರುಗಳ ಮಕ್ಕಳೇ ಹೆಚ್ಚಾಗಿ ಕೂತಿರುತ್ತಾರೆ ಎಂದು ತಿಳಿಸಿದರೆ ಅವರಿಗೆ ಸಭೆ ಕಣ್ಣಿಗೆ ಕಟ್ಟುತ್ತದೆ. ನಲವತ್ತು ನಿಮಿಷ ಮಾತು, ಹತ್ತು ನಿಮಿಷ ಪ್ರಶ್ನೆ ಎಂದು ಸ್ಪಷ್ಟವಾಗಿರಲಿ. ವೇದಿಕೆಯಲ್ಲಿ ಇನ್ನು ಯಾರು ಯಾರಿರುತ್ತಾರೆ ಎಂಬುದನ್ನೂ ಮುಚ್ಚಿಡಬಾರದು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ, ಬಹುಮಾನ ವಿತರಣೆ ಎಲ್ಲ ಮುಗಿದು ಒಂದು ಗಂಟೆಗೆ ಮೈಕು ಸಿಕ್ಕಿ, ಎದುರಿಗೆ ಹಸಿದ ಹುಡುಗರು ಕೂತಿದ್ದ ಅನುಭವ ಅವರಿಗೆ ಖಂಡಿತ ಇರುತ್ತದೆ. ಪ್ರಯಾಣದ ಖರ್ಚು, ಗೌರವಧನ ಎಷ್ಟೆಂದು ಅಂಕಿಯಲ್ಲೇ ಬರೆದುಬಿಡಿ, ಅವರಾಗಿ ಕೇಳಲಾರರು.

ಬಹುತೇಕ ಪತ್ರಗಳು “ತಾವು ಬಂದೇ ಬರುತ್ತೀರೆಂಬ ನಂಬಿಕೆಯಿಂದ” ಎಂದು ಮುಗಿಯುತ್ತವೆ. ಪ್ರೀತಿಯಿಂದ ಬರೆದದ್ದೇ, ಆದರೆ ಬಾಗಿಲು ಹಾಕಿ ಒಳಗೆ ಕರೆದಂತೆ. ಅದರ ಬದಲು ಹೀಗೆ ಬರೆಯಬಹುದು:

“ಈ ದಿನಗಳು ಹೊಂದದಿದ್ದರೆ ಅಥವಾ ಈಗ ಪ್ರಯಾಣ ಬೇಡವೆನಿಸಿದರೆ ಸಂಕೋಚವಿಲ್ಲದೆ ತಿಳಿಸಿ, ಕಾರಣ ಬರೆಯುವ ಅಗತ್ಯವಿಲ್ಲ. ಅಕ್ಟೋಬರ್ 10ರೊಳಗೆ ಒಂದು ಸಾಲು ಬಂದರೆ ಸಾಕು. ಅಲ್ಲಿಯವರೆಗೆ ಬೇರೆ ಯಾರನ್ನೂ ಕೇಳುವುದಿಲ್ಲ, ಆಮಂತ್ರಣ ಪತ್ರಿಕೆಯನ್ನೂ ಅಚ್ಚಿಗೆ ಕೊಡುವುದಿಲ್ಲ.”

ಇಲ್ಲಿ ನಿಜವಾಗಿ ಕೆಲಸ ಮಾಡುವುದು ಕೊನೆಯ ವಾಕ್ಯ. ತಾನು ಒಲ್ಲೆನೆಂದರೆ ಯಾರ ಕೆಲಸವೂ ಕೆಡುವುದಿಲ್ಲ ಎಂದು ಅವರಿಗೆ ಅದರಿಂದ ತಿಳಿಯುತ್ತದೆ. ಆ ಮಾತನ್ನು ಉಳಿಸಿಕೊಳ್ಳಬೇಕು ಕೂಡ. ಇತ್ತ ಪತ್ರ ಕಳಿಸಿ ಅತ್ತ ಇನ್ನೊಬ್ಬರನ್ನು ಕೇಳಿಟ್ಟರೆ, ಸಾಹಿತ್ಯವಲಯ ಚಿಕ್ಕದು, ಇಬ್ಬರಿಗೂ ವಾರದೊಳಗೆ ಗೊತ್ತಾಗುತ್ತದೆ.

ಹತ್ತನೇ ತಾರೀಖು ಕಳೆದರೂ ಉತ್ತರವಿಲ್ಲದಿದ್ದರೆ ಒಮ್ಮೆ ಫೋನು ಮಾಡಬಹುದು. “ಯಾವಾಗ ಬರ್ತೀರಿ ಮೇಡಂ?” ಎಂದು ಶುರು ಮಾಡಬೇಡಿ. “ಕಾರ್ಡು ಅಚ್ಚಿಗೆ ಕೊಡಬೇಕಿತ್ತು. ನಿಮ್ಮ ಹೆಸರು ಹಾಕಲಾ, ಇಲ್ಲಾ ಈ ವರ್ಷ ಬಿಟ್ಟುಬಿಡೋಣವಾ?” ಎಂದರೆ ಒಲ್ಲೆನೆಂಬ ಮಾತನ್ನು ನೀವೇ ಅರ್ಧ ಆಡಿಕೊಟ್ಟಂತಾಯಿತು; ಅವರು “ಬಿಟ್ಟುಬಿಡೋಣಪ್ಪ” ಎಂದರೆ ಮುಗಿಯಿತು. ಆಗ “ಸಂಜೆ ಹೊತ್ತಿಗಾದರೂ”, “ಬರೀ ಹತ್ತು ನಿಮಿಷ” ಎಂದು ಜಗ್ಗಬಾರದು. ಈ ವಿಷಯಕ್ಕೆ ಬೇರೆ ಯಾರನ್ನು ಕರೆಯಬಹುದೆಂದು ಕೇಳುವುದಕ್ಕೆ ಮಾತ್ರ ಅಡ್ಡಿಯಿಲ್ಲ. ಅವರು ಹೇಳಿದ ಹೆಸರಿನವರಿಗೆ ಹೊಸ ಪತ್ರವೇ ಹೋಗಲಿ, ಹಳೆಯದರಲ್ಲಿ ಹೆಸರು ತಿದ್ದಿ ಕಳಿಸಿದರೆ ಒಂದಲ್ಲ ಒಂದು ಕಡೆ ಹಳೆಯ ಹೆಸರು ಉಳಿದೇ ಇರುತ್ತದೆ.

ಒಪ್ಪಿದವರಿಗೂ ಹಿಂದಿನ ದಿನ ಜ್ವರ ಬರಬಹುದು. ಎಪ್ಪತ್ತರ ವಯಸ್ಸಿನವರಿಗೆ ರಾತ್ರಿ ಪ್ರಯಾಣ ಬೇಡವೆಂದು ಮನೆಯವರು ತಡೆಯಬಹುದು. ಅದಕ್ಕೆಂದು ಒಪ್ಪಿಗೆ ಬಂದಾಗಲೇ ಭಾಷಣದ ಟಿಪ್ಪಣಿ ಎರಡು ಪುಟದಷ್ಟು ಕಳಿಸಲು ಕೇಳಿಕೊಳ್ಳಿ. ಅವರು ಬಾರದಿದ್ದರೆ ಕಾಲೇಜಿನ ಉಪನ್ಯಾಸಕರೊಬ್ಬರು ಅವರ ಹೆಸರು ಹೇಳಿ ಅದನ್ನೇ ಓದಬಹುದು. ಕಾರ್ಡಿನಲ್ಲಿರುವ ಹೆಸರಿನ ಮೇಲೆ ಪೆನ್ನಿನಿಂದ ಗೀಟು ಹಾಕುವುದು ಬೇಡ, ಸ್ವಾಗತ ಭಾಷಣದಲ್ಲಿ ಒಂದು ಮಾತು ಹೇಳಿದರಾಯಿತು.