ಉಳಿದ ನೋಟಿಸ್ ದಿನಗಳ ದುಡ್ಡು ಯಾರು ಕೊಡಬೇಕು?

ಬೆಂಗಳೂರಿನ ದೊಡ್ಡ ಐ.ಟಿ. ಕಂಪನಿಗಳಲ್ಲಿ ಕೆಲಸ ಬಿಡುವವರಿಗೆ 60 ಇಲ್ಲವೇ 90 ದಿನಗಳ ನೋಟಿಸ್ ಪೀರಿಯಡ್ ಇರುವುದು ಮಾಮೂಲು. ಹೊಸ ಕೆಲಸ ಕೊಡುವ ಕಂಪನಿ ಅಷ್ಟು ದಿನ ಕಾಯಲು ಒಪ್ಪುವುದು ಕಡಿಮೆ. ಪ್ರಾಜೆಕ್ಟ್ ಶುರುವಾಗುತ್ತಿದೆ, ತಿಂಗಳೊಪ್ಪತ್ತಿನಲ್ಲಿ ಬಂದು ಸೇರಿ ಎನ್ನುತ್ತದೆ. ಹಳೆಯ ಕಂಪನಿ ಬಿಡುವ ದಿನಕ್ಕೂ ಹೊಸದು ಕರೆಯುವ ದಿನಕ್ಕೂ ನಡುವೆ ಉಳಿಯುವ ದಿನಗಳಿಗೆ ಹಣ ಕಟ್ಟಿ ಹೊರಬರುವುದನ್ನು ನೋಟಿಸ್ ಬೈಔಟ್ ಎನ್ನುತ್ತಾರೆ. ‘ಬೈಔಟ್ ನಾವು ನೋಡಿಕೊಳ್ಳುತ್ತೇವೆ’ ಎಂದು ಹೊಸ ಕಂಪನಿಯವರು ಫೋನಿನಲ್ಲಿ ಹೇಳಿದ್ದನ್ನೇ ನಂಬಿ ರಾಜೀನಾಮೆ ಕೊಟ್ಟವರು, ಕೊನೆಗೆ ಅದರ ಒಂದು ಪಾಲನ್ನು ತಾವೇ ತೆರಬೇಕಾಗುತ್ತದೆ. ಎಲ್ಲಿ ಹೀಗಾಗುತ್ತದೆ ಎಂಬುದನ್ನು ಒಂದು ಲೆಕ್ಕ ಬಿಡಿಸಿ ನೋಡಿದರೆ ತಿಳಿಯುತ್ತದೆ.

ಮಾರತಹಳ್ಳಿಯ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಎಂಜಿನಿಯರ್ ಆಗಿರುವ ಒಬ್ಬ ಮಹಿಳೆ ಎಂದಿಟ್ಟುಕೊಳ್ಳೋಣ. ತಿಂಗಳ ಒಟ್ಟು ಸಂಬಳ 1,20,000 ರೂಪಾಯಿ, ಅದರಲ್ಲಿ ಬೇಸಿಕ್ 48,000. ನೋಟಿಸ್ 90 ದಿನ. ಹೊಸ ಕಂಪನಿ 45 ದಿನದೊಳಗೆ ಬರಬೇಕು ಎನ್ನುತ್ತಿದೆ. ಉಳಿದ 45 ದಿನಕ್ಕೆ ಎಷ್ಟು ಕಟ್ಟಬೇಕು?

ಉತ್ತರ ಇರುವುದು ಅವರು ಸೇರುವಾಗ ಸಹಿ ಹಾಕಿದ ನೇಮಕಾತಿ ಪತ್ರದಲ್ಲಿ. ‘90 ದಿನದ ನೋಟಿಸ್ ಅಥವಾ ಅದಕ್ಕೆ ಬದಲಾಗಿ ಬೇಸಿಕ್ ಸಂಬಳ’ ಎಂದು ಬರೆದಿದ್ದರೆ ದಿನಕ್ಕೆ 1,600 ರೂಪಾಯಿಯಂತೆ 72,000. ಬೇಸಿಕ್ ಎಂಬಲ್ಲಿ ಒಟ್ಟು ಸಂಬಳ ಎಂದಿದ್ದರೆ ದಿನಕ್ಕೆ 4,000, ಅಂದರೆ 1,80,000. ಒಂದೇ ಒಂದು ಪದಕ್ಕೆ ಒಂದು ಲಕ್ಷಕ್ಕೂ ಮೀರಿದ ವ್ಯತ್ಯಾಸ. ಬರೀ ‘ಸಂಬಳ’ ಎಂದಷ್ಟೇ ಬರೆದಿರುವ ಪತ್ರಗಳೂ ಇರುತ್ತವೆ. ಅಂಥಲ್ಲಿ ಯಾವ ಸಂಬಳ ಎಂದು ರಾಜೀನಾಮೆಗೆ ಮೊದಲೇ ಎಚ್.ಆರ್. ಪಾಲಿಸಿ ತೆಗೆದು ನೋಡಬೇಕು. ರಾಜೀನಾಮೆ ಕೊಟ್ಟ ಮರುಗಳಿಗೆಯಿಂದ ಆ ಪ್ರಶ್ನೆಗೆ ಉತ್ತರ ಕೊಡುವ ಉತ್ಸಾಹ ಯಾರಿಗೂ ಇರುವುದಿಲ್ಲ.

ಅದೇ ವಾಕ್ಯದ ಬಾಲದಲ್ಲಿ ಇನ್ನೊಂದು ಮಾತು ಅಡಗಿರಬಹುದು: ‘ಕಂಪನಿಯ ವಿವೇಚನೆಗೆ ಒಳಪಟ್ಟು’. ಇದು ಇದ್ದರೆ, ದುಡ್ಡು ಕಟ್ಟುತ್ತೇನೆ ಎಂದರೂ ಬೇಗ ಬಿಡಲೇಬೇಕೆಂಬ ನಿಯಮ ಕಂಪನಿಗೆ ಇಲ್ಲ. ಹಾಗೆಂದು ಅದು ಯಾರನ್ನೂ ಕುರ್ಚಿಗೆ ಕಟ್ಟಿಹಾಕಿ ಕೆಲಸ ಮಾಡಿಸಲಾರದು. ವ್ಯಕ್ತಿಯೊಬ್ಬನ ದುಡಿಮೆಯನ್ನೇ ನೆಚ್ಚಿದ ಇಂಥ ಒಪ್ಪಂದವನ್ನು ಜಾರಿ ಮಾಡಿ ‘ಹೋಗಿ ಕೆಲಸ ಮಾಡು’ ಎಂದು ಕೋರ್ಟು ಆದೇಶಿಸುವುದಿಲ್ಲ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆ ಅದಕ್ಕೆ ಅವಕಾಶ ಕೊಡುವುದಿಲ್ಲ. ಆದರೆ ಕಂಪನಿಯ ಕೈಯಲ್ಲಿ ರಿಲೀವಿಂಗ್ ಲೆಟರ್ ಇದೆ. ಹೊಸ ಕಂಪನಿಯ ಹಿನ್ನೆಲೆ ಪರಿಶೀಲನೆಯಲ್ಲಿ ಮೊದಲು ಕೇಳುವುದೇ ಆ ಪತ್ರವನ್ನು. ಮಾತುಕತೆಯಲ್ಲಿ ಹಳೆಯ ಕಂಪನಿಗೆ ನಿಜವಾದ ಬಲ ಬರುವುದು ಕಾನೂನಿಗಿಂತ ಹೆಚ್ಚಾಗಿ ಈ ಒಂದು ಹಾಳೆಯಿಂದ.

ಹಾಗಾಗಿ ಮ್ಯಾನೇಜರ್ ಹತ್ತಿರ ದುಡ್ಡಿನ ಮಾತು ಮೊದಲು ಎತ್ತಿ ಪ್ರಯೋಜನವಿಲ್ಲ. ಬೈಔಟ್ ಹಣ ಹೋಗುವುದು ಕಂಪನಿಯ ಖಾತೆಗೆ. ಮ್ಯಾನೇಜರ್‌ಗೆ ಉಳಿಯುವುದು ಖಾಲಿ ಕುರ್ಚಿ ಮಾತ್ರ. ಅವರ ಚಿಂತೆ ಏನಿದ್ದರೂ ಆ ಕೆಲಸವನ್ನು ಮುಂದೆ ಯಾರು ನೋಡುತ್ತಾರೆ ಎಂಬುದು. ‘ಸರ್, ಮುಂದಿನ ರಿಲೀಸ್ ಮುಗಿಸಿಕೊಡ್ತೀನಿ, ಕೆ.ಟಿ. ಮೂರು ವಾರದಲ್ಲಿ ಆಗುತ್ತೆ, ಟೀಮಲ್ಲಿ ಇಂಥವರು ತಗೋಬಹುದು, ಆಮೇಲೆ ರಿಲೀವ್ ಮಾಡ್ತೀರಾ?’ ಎಂದು ಕೆಲಸ ಹಸ್ತಾಂತರದ ಯೋಜನೆಯನ್ನು ಮುಂದಿಟ್ಟು ಕೇಳಿದರೆ ಒಪ್ಪಿಗೆಗೆ ದಾರಿ ಸಲೀಸು. ದಿನಾಂಕಕ್ಕೆ ಒಪ್ಪಿಗೆ ಸಿಕ್ಕ ಮೇಲೆ ಹಣದ ಮಾತು ಎಚ್.ಆರ್. ಜೊತೆ. ಬಳಸದೆ ಉಳಿದ ಗಳಿಕೆ ರಜೆಯನ್ನು ನೋಟಿಸ್ ದಿನಗಳಿಗೆ ಹೊಂದಿಸಿ ಎಂದು ಕೇಳುವುದೂ ಆಗಲೇ. ನಮ್ಮ ಎಂಜಿನಿಯರ್‌ಗೆ 10 ದಿನ ರಜೆ ಉಳಿದಿದ್ದು, ಕಂಪನಿ ಹೊಂದಿಸಲು ಒಪ್ಪಿತು ಎಂದುಕೊಳ್ಳೋಣ. ಬಾಕಿ 35 ದಿನ. ಒಟ್ಟು ಸಂಬಳದ ಲೆಕ್ಕದಲ್ಲಿ 1,40,000 ರೂಪಾಯಿ.

ಈ ಹಣವನ್ನು ಹಳೆಯ ಕಂಪನಿ ಕೊನೆಯ ಲೆಕ್ಕ ಚುಕ್ತಾ ಮಾಡುವಾಗ ಹಿಡಿದುಕೊಳ್ಳುತ್ತದೆ. ಸಾಲದೆ ಬಂದರೆ ಕೈಯಿಂದ ಕಟ್ಟಬೇಕು. ಕೆಲವು ಕಂಪನಿಗಳು ಇದರ ಮೇಲೆ ಜಿಎಸ್‌ಟಿಯನ್ನೂ ಸೇರಿಸಿ ವಸೂಲು ಮಾಡುತ್ತಿದ್ದವು. ನೋಟಿಸ್ ಹಣಕ್ಕೆ ಜಿಎಸ್‌ಟಿ ಅನ್ವಯಿಸುವುದಿಲ್ಲ ಎಂದು ಕೇಂದ್ರದ ಪರೋಕ್ಷ ತೆರಿಗೆ ಮಂಡಳಿ 2022ರ ಆಗಸ್ಟ್ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ಅಂತಿಮ ಲೆಕ್ಕದ ಹಾಳೆಯಲ್ಲಿ ಆ ಸಾಲು ಕಂಡರೆ ತೆಗೆಸಬೇಕು.

ಹೊಸ ಕಂಪನಿ ಇದನ್ನು ಮರಳಿಸುತ್ತದೆಯಲ್ಲ, ಮತ್ತೇನು ಎಂದು ಕೇಳಬಹುದು. ಮರಳಿಸುವುದು ನಿಜ, ಆದರೆ ಸಂಬಳದ ಜೊತೆ ಸೇರಿಸಿ. ಅಲ್ಲಿಗೆ ಅದು ಆದಾಯವಾಗಿ ತೆರಿಗೆಗೆ ಒಳಪಡುತ್ತದೆ. ನಮ್ಮ ಎಂಜಿನಿಯರ್‌ನ ಆ ವರ್ಷದ ಆದಾಯ ಶೇ 20ರ ಸ್ತರದಲ್ಲಿದ್ದರೆ, ಸೆಸ್ ಸೇರಿ ಶೇ 20.8ರಂತೆ 29,120 ರೂಪಾಯಿ ಮುರಿದುಕೊಂಡು ಕೈಗೆ ಬರುವುದು 1,10,880. ಕಟ್ಟಿದ್ದು 1,40,000. ಇನ್ನೊಂದು ಕಡೆ ಹಳೆಯ ಕಂಪನಿ ನೋಟಿಸ್ ಹಣ ಹಿಡಿಯುವ ಮೊದಲಿನ ಪೂರ್ತಿ ಸಂಬಳವನ್ನೇ ಫಾರ್ಮ್ 16ರಲ್ಲಿ ತೋರಿಸಿದರೆ, ಕೈಗೇ ಬಾರದ ಆ ಹಣಕ್ಕೂ ತೆರಿಗೆ ಬೀಳುತ್ತದೆ. ಹೀಗೆ ಹಿಡಿದ ಮೊತ್ತಕ್ಕೆ ತೆರಿಗೆ ಹಾಕಬಾರದು ಎಂದು ಆದಾಯ ತೆರಿಗೆ ನ್ಯಾಯಮಂಡಳಿಯ ಅಹಮದಾಬಾದ್ ಪೀಠ 2017ರಲ್ಲಿ ನಂದಿನ್ಹೊ ರೆಬೆಲ್ಲೊ ಪ್ರಕರಣದಲ್ಲಿ ಉದ್ಯೋಗಿಯ ಪರ ತೀರ್ಪು ಕೊಟ್ಟಿದೆ. ಆದರೆ ಸಂಬಳದಿಂದ ಕಳೆಯಬಹುದಾದ ಬಾಬ್ತುಗಳ ಪಟ್ಟಿಯಲ್ಲಿ ನೋಟಿಸ್ ಹಣ ಇಲ್ಲದ ಕಾರಣ, ರಿಟರ್ನ್ಸ್‌ನಲ್ಲಿ ಅದನ್ನು ಕಳೆದು ತೋರಿಸುವವರು ಇಲಾಖೆಯ ಪ್ರಶ್ನೆಗೂ ತಯಾರಿರಬೇಕು. ಒಂದೇ ಬೈಔಟ್‌ಗೆ ಎರಡೆರಡು ಕಡೆ ತೆರಿಗೆ ಕಟ್ಟುವುದು ಸಂಬಳದಾರರಿಗೆ ಆಗುವ ಅನ್ಯಾಯವೇ ಸರಿ.

ತೆರಿಗೆಯ ಹೊರೆಯನ್ನೂ ಹೊಸ ಕಂಪನಿಯೇ ಹೊರಲಿ ಎಂದು ಕೇಳುವುದಕ್ಕೆ ಒಂದೇ ಸಮಯವಿದೆ: ಆಫರ್ ಲೆಟರ್‌ಗೆ ಸಹಿ ಹಾಕುವ ಮೊದಲು. ಮೇಲಿನ ಲೆಕ್ಕದಲ್ಲಿ 1,40,000 ಪೂರ್ತಿ ಕೈಗೆ ಬರಬೇಕಾದರೆ ಕಂಪನಿ ಸುಮಾರು 1,76,800 ರೂಪಾಯಿ ಕೊಡಬೇಕು. ಅದಕ್ಕೆ ಒಪ್ಪದಿದ್ದರೆ ಕೊರತೆ ತುಂಬುವಷ್ಟು ಜಾಯಿನಿಂಗ್ ಬೋನಸ್ ಕೇಳಬಹುದು. ಬೋನಸ್‌ಗೂ ತೆರಿಗೆ ಇರುವುದರಿಂದ ಅದನ್ನೂ ಲೆಕ್ಕ ಹಾಕಿಯೇ ಕೇಳಬೇಕು. ಎಷ್ಟು ದಿನದವರೆಗೆ, ಬೇಸಿಕ್ ಮೇಲೋ ಒಟ್ಟು ಸಂಬಳದ ಮೇಲೋ, ಯಾವ ತಿಂಗಳ ಸಂಬಳದಲ್ಲಿ ಎಂಬುದೆಲ್ಲ ಪತ್ರದಲ್ಲೇ ಬರಬೇಕು. ಒಂದು ವರ್ಷದೊಳಗೆ ಬಿಟ್ಟರೆ ಬೈಔಟ್ ಹಣ ವಾಪಸು ಕೊಡಬೇಕು ಎಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ಅಲ್ಲಿ ಪೂರ್ತಿ ಹಣವೋ, ದುಡಿದ ತಿಂಗಳುಗಳನ್ನು ಕಳೆದು ಉಳಿದದ್ದೋ ಎಂದು ನೋಡಿಕೊಳ್ಳಬೇಕು. ಹನ್ನೊಂದನೇ ತಿಂಗಳಲ್ಲಿ ಬಿಡುವವರಿಗೆ ಎರಡಕ್ಕೂ ಅಜಗಜಾಂತರ.

ಹಳೆಯ ಕಂಪನಿಯಿಂದಲೂ ಕೊನೆಯ ಕೆಲಸದ ದಿನ, ಹೊಂದಿಸಿದ ರಜೆ, ಕಟ್ಟಬೇಕಾದ ಮೊತ್ತ ಈ ಮೂರೂ ಇರುವ ಇಮೇಲ್ ಪಡೆಯಬೇಕು. ಅದು ಬೇಕಾಗುವ ಒಂದು ಜಾಗ ಭವಿಷ್ಯ ನಿಧಿಯ ಖಾತೆ. ಹಳೆಯ ಕಂಪನಿ ಅಲ್ಲಿ ಬಿಟ್ಟ ದಿನಾಂಕವನ್ನು 90ನೇ ದಿನ ಎಂದೇ ನಮೂದಿಸಿದರೆ, ಒಂದೇ ಅವಧಿಯಲ್ಲಿ ಎರಡು ಕಡೆ ಕೆಲಸ ಮಾಡಿದಂತೆ ದಾಖಲೆ ಕಾಣುತ್ತದೆ, ಮುಂದೆ ಹಿನ್ನೆಲೆ ಪರಿಶೀಲನೆಯಲ್ಲಿ ಅದು ಪ್ರಶ್ನೆಯಾಗುತ್ತದೆ. ದಿನಾಂಕವನ್ನೇ ನಮೂದಿಸದೆ ಬಿಟ್ಟಿದ್ದರೆ, ಅಲ್ಲಿಂದ ಕೊನೆಯ ವಂತಿಗೆ ಬಂದು ಎರಡು ತಿಂಗಳಾದ ಮೇಲೆ ಉದ್ಯೋಗಿಯೇ ಯುಎಎನ್ ಪೋರ್ಟಲ್‌ನಲ್ಲಿ ಅದನ್ನು ತುಂಬಬಹುದು. ತಪ್ಪಾಗಿ ನಮೂದಾಗಿದ್ದರೆ ಆ ಇಮೇಲ್ ಮುಂದಿಟ್ಟು ಹಳೆಯ ಕಂಪನಿಯಿಂದಲೇ ತಿದ್ದಿಸಲು ಕೇಳಬೇಕು.