ಬಾಕಿ ಹಣಕ್ಕೊಂದು ಪತ್ರ: ಮಾತು ಮೃದುವಾಗಿರಲಿ, ಲೆಕ್ಕ ಖಚಿತವಾಗಿರಲಿ

ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ನಾಲ್ಕು ಕಾಸು ಸಂಪಾದಿಸುವ ಸಹೋದರಿಯರು ನಮ್ಮ ಊರುಗಳಲ್ಲಿ ಬಹಳ ಮಂದಿ. ಅವರ ದೊಡ್ಡ ಚಿಂತೆ ಕೆಲಸ ಸಿಗದಿರುವುದಲ್ಲ, ಮಾಡಿದ ಕೆಲಸದ ಹಣ ಕೈಗೆ ಬಾರದಿರುವುದು. ಬಟ್ಟೆ, ದಾರ, ಗುಂಡಿಗಳಿಗೆ ನೀವು ನಗದು ಕೊಟ್ಟಿರುತ್ತೀರಿ. ಅಂಗಡಿಯವರು ಮಾತ್ರ "ಮುಂದಿನ ಜುಮಾ ಆಗಲಿ, ಆಪಾ" ಎನ್ನುತ್ತಾ ತಿಂಗಳು ದೂಡುತ್ತಾರೆ. ಪದೇ ಪದೇ ಕೇಳಲು ನಿಮಗೆ ಸಂಕೋಚ. ಸಿಟ್ಟಿನಲ್ಲಿ ಕೇಳಿದರೆ ಗಿರಾಕಿ ಕೈತಪ್ಪುವ ಭಯ. ಇಂತಹ ಸಂದರ್ಭಕ್ಕೆ ಒಂದು ಪುಟದ ಪತ್ರ ಬಹಳ ಉಪಯುಕ್ತ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕಮಠಾಣದ ಒಬ್ಬ ಸಹೋದರಿ ತಾನೇ ಬಟ್ಟೆ ತಂದು ಶಾಲಾ ಸಮವಸ್ತ್ರ ಹೊಲಿದು ಬೀದರ್ ನಗರದ ರೆಡಿಮೇಡ್ ಅಂಗಡಿಗೆ ಕೊಡುತ್ತಾಳೆ ಎನ್ನಿ. 60 ಜೊತೆ, ಜೊತೆಗೆ 310 ರೂಪಾಯಿಯಂತೆ ಒಟ್ಟು 18,600 ರೂಪಾಯಿ. ಸರಕು ಮುಟ್ಟಿಸಿದ್ದು 2025ರ ಜೂನ್ 2ರಂದು. 30 ದಿನಗಳಲ್ಲಿ ಹಣ ಎಂದು ಬಿಲ್ಲಿನ ಮೇಲೇ ಬರೆದಿದೆ. ಜುಲೈ 5ರಂದು 6,000 ಬಂತು. ಉಳಿದ 12,600 ಬರಲಿಲ್ಲ.

ಪತ್ರ ಬರೆಯುವ ಮೊದಲು ಖಾತೆ ಪುಸ್ತಕವನ್ನೂ ಬಿಲ್ಲನ್ನೂ ಎದುರಿಗಿಟ್ಟುಕೊಂಡು ತಾಳೆ ನೋಡಿ. ಅಂಗಡಿಯವರು ಎರಡು ಜೊತೆ ವಾಪಸು ಕಳಿಸಿದ್ದರೆ ಅದನ್ನು ಕಳೆದಿದ್ದೀರಾ? ಫೋನಿನಲ್ಲಿ ಹಾಕಿದ ಹಣ ಪುಸ್ತಕದಲ್ಲಿ ಸೇರಿದೆಯೇ? ಮೊತ್ತದಲ್ಲಿ ನೂರು ರೂಪಾಯಿ ತಪ್ಪಿದ್ದರೂ ಸಾಕು, ಮಾತು ಬಾಕಿಯ ಕಡೆಯಿಂದ ಲೆಕ್ಕದ ಜಗಳದ ಕಡೆಗೆ ತಿರುಗುತ್ತದೆ. ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಪವಿತ್ರ ಕುರ್‌ಆನಿನ ಅಲ್‌ಬಕರ ಅಧ್ಯಾಯದ 282ನೇ ಸೂಕ್ತ ಕಲಿಸುತ್ತದೆ. ಪತ್ರದ ಬಲವಿರುವುದೂ ಆ ಬರಹದಲ್ಲೇ.

ಇನ್ನು ಪತ್ರ ಹೀಗಿರಬಹುದು:

"ಕಮಠಾಣ, 12 ಆಗಸ್ಟ್ 2025

ಮಾಲೀಕರಿಗೆ,

ಅಸ್ಸಲಾಮು ಅಲೈಕುಮ್. ಜೂನ್ 2ರಂದು ನಿಮ್ಮ ಅಂಗಡಿಗೆ 60 ಜೊತೆ ಸಮವಸ್ತ್ರ ಮುಟ್ಟಿಸಿದ್ದೇನೆ (ಬಿಲ್ ಸಂಖ್ಯೆ 47). ಒಟ್ಟು ಮೊತ್ತ 18,600 ರೂಪಾಯಿ. ಜುಲೈ 5ರಂದು ನೀವು ಕೊಟ್ಟ 6,000 ರೂಪಾಯಿ ಜಮಾ ಆಗಿದೆ. ಉಳಿದ 12,600 ರೂಪಾಯಿ ಜುಲೈ 2ಕ್ಕೇ ಸಲ್ಲಬೇಕಿತ್ತು. ಇಂದಿಗೆ 41 ದಿನ ದಾಟಿದೆ.

ದಯವಿಟ್ಟು ಆಗಸ್ಟ್ 23ರ ಶನಿವಾರದೊಳಗೆ ಈ ಮೊತ್ತ ಪಾವತಿಸಿ. ಸರಕಿನಲ್ಲಿ ಅಥವಾ ಲೆಕ್ಕದಲ್ಲಿ ತಕರಾರಿದ್ದರೆ ಆ ದಿನದೊಳಗೇ ಬರೆದು ತಿಳಿಸಿ. ಒಂದೇ ಬಾರಿಗೆ ಕೊಡುವುದು ಕಷ್ಟವಾದರೆ ಎರಡು ಕಂತಿನ ದಿನಾಂಕಗಳನ್ನು ಬರೆದು ಸಹಿ ಮಾಡಿ ಕಳುಹಿಸಿ, ಒಪ್ಪುತ್ತೇನೆ.

ಬಾಕಿ ತೀರುವವರೆಗೆ ಹೊಸ ಆರ್ಡರುಗಳನ್ನು ನಗದಿಗೆ ಮಾತ್ರ ಕೊಡಲು ಸಾಧ್ಯ. ಬಿಲ್ಲಿನ ಪ್ರತಿ ಜೊತೆಗಿದೆ."

ಕೆಳಗೆ ನಿಮ್ಮ ಹೆಸರು, ಸಹಿ, ಹಣ ಹಾಕಬೇಕಾದ ಬ್ಯಾಂಕ್ ಖಾತೆಯ ವಿವರ. ಅಂಗಡಿಯವರು ಬೇರೆ ಸಮುದಾಯದವರಾದರೆ ಸಲಾಮಿನ ಜಾಗದಲ್ಲಿ ನಮಸ್ಕಾರ. ಅವರು ಉರ್ದು ಅಥವಾ ಮರಾಠಿ ಓದುವವರಾದರೆ ಆ ಭಾಷೆಯಲ್ಲೇ ಬರೆಸಿ. ಓದಿದವರಿಗೆ ಅರ್ಥವಾಗುವುದು ಮುಖ್ಯ.

ಈ ಪತ್ರದಲ್ಲಿ ಒಂದೂ ಕಟುವಾದ ಮಾತಿಲ್ಲ, ಆದರೆ ಜಾರಿಕೊಳ್ಳಲು ದಾರಿಯೂ ಇಲ್ಲ. "ಆದಷ್ಟು ಬೇಗ ಕೊಡಿ" ಎಂದು ಬರೆದಿದ್ದರೆ ಆ 'ಬೇಗ' ಯಾವತ್ತೂ ಬರುತ್ತಿರಲಿಲ್ಲ. ಇಲ್ಲಿ ದಿನಾಂಕವಿದೆ. ಬಂದ 6,000ವನ್ನು ಒಪ್ಪಿಕೊಂಡದ್ದರಿಂದ ನಿಮ್ಮ ಲೆಕ್ಕದ ಮೇಲೆ ನಂಬಿಕೆ ಬರುತ್ತದೆ. ನಿಜವಾಗಿ ಕಷ್ಟದಲ್ಲಿರುವವನಿಗೆ ಕಾಲಾವಕಾಶ ಕೊಡಬೇಕೆಂಬುದು ನಮಗೆ ಗೊತ್ತಿರುವ ಬೋಧನೆ. ಕಂತಿನ ಮಾತು ಅಂಥವರಿಗೆ. ಕೈಯಲ್ಲಿ ಹಣವಿದ್ದೂ ಸತಾಯಿಸುವವರು ಕಂತಿಗೂ ಉತ್ತರಿಸುವುದಿಲ್ಲ. ಹಾಗೆ ಎರಡು ಬಗೆಯವರೂ ಬೇರೆ ಬೇರೆಯಾಗಿ ಕಾಣುತ್ತಾರೆ. ಇನ್ನು ಕೊನೆಯ ಷರತ್ತು ಬೆದರಿಕೆಯಲ್ಲ, ನಿಮ್ಮ ಕೈಯಲ್ಲೇ ಇರುವ ಕ್ರಮ. ಪಾಲಿಸಲಾಗದ ಮಾತನ್ನು ಪತ್ರದಲ್ಲಿ ಬರೆಯಬೇಡಿ. ಪೊಲೀಸರಿಗೆ ಹೇಳುತ್ತೇನೆ ಎಂದು ಬರೆಯುವುದೂ ಸರಿಯಲ್ಲ. ಬರಿಯ ಬಾಕಿ ವಸೂಲಿ ಸಿವಿಲ್ ವಿಷಯ, ಪೊಲೀಸರ ಕೆಲಸವಲ್ಲ. ವಾಟ್ಸಾಪ್ ಗುಂಪಿನಲ್ಲಿ ಹೆಸರು ಹಾಕಿ ನಾಚಿಸಿದರೆ ಮಾನಹಾನಿಯ ದೂರು ನಿಮ್ಮ ಮೇಲೆಯೇ ಬರಬಹುದು.

ಪತ್ರವನ್ನು ಎರಡು ಪ್ರತಿ ಮಾಡಿ. ಅಣ್ಣನೋ ಮಗನೋ ಅಂಗಡಿಗೆ ಒಯ್ದರೆ ಒಂದು ಪ್ರತಿಯ ಮೇಲೆ 'ತಲುಪಿದೆ' ಎಂದು ದಿನಾಂಕ ಸಹಿತ ಸಹಿ ಹಾಕಿಸಿಕೊಂಡು ಬರಲಿ. ಇಲ್ಲವೇ ಅಂಚೆಯಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಿ. ಹಳೆಯ ರಿಜಿಸ್ಟರ್ ಅಂಚೆ 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ವಿಲೀನವಾಗಿದೆ. ಆದ್ದರಿಂದ ಸ್ಪೀಡ್ ಪೋಸ್ಟನ್ನೇ ಕೇಳಿ.

ಇಲ್ಲೊಂದು ಸಂಗತಿ ಬಹಳ ಮಂದಿಗೆ ತಿಳಿದಿಲ್ಲ. ಇಂತಹ ಬಾಕಿಗೆ ದಾವೆ ಹೂಡಲು ಕಾಲಮಿತಿ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ಮೂರು ವರ್ಷ ಮಾತ್ರ ಅವಕಾಶ. ನೀವು ಎಷ್ಟು ಪತ್ರ ಬರೆದರೂ ಆ ಅವಧಿ ಬೆಳೆಯುವುದಿಲ್ಲ. ಆದರೆ ಅವಧಿ ಮುಗಿಯುವ ಮೊದಲು ಬಾಕಿದಾರರು "ಇಷ್ಟು ಬಾಕಿ ಇದೆ" ಎಂದು ಬರೆದು ಸಹಿ ಮಾಡಿದರೆ ಅಂದಿನಿಂದ ಹೊಸದಾಗಿ ಮೂರು ವರ್ಷ ಸಿಗುತ್ತದೆ. ಆದ್ದರಿಂದಲೇ ಕಂತಿನ ದಿನಾಂಕಗಳನ್ನು ಬಾಯಲ್ಲಿ ಹೇಳದೆ ಬರೆದು ಸಹಿ ಮಾಡಿ ಕಳುಹಿಸಲು ಕೇಳಿದ್ದು. ಅದರಲ್ಲಿ 12,600 ಬಾಕಿ ಎಂಬ ಮಾತೂ ಇರುವಂತೆ ನೋಡಿಕೊಳ್ಳಿ.

ಹೇಳಿದ ದಿನ ದಾಟಿದರೆ? ಮೂರು ಸಾಲಿನ ಎರಡನೇ ಪತ್ರ ಸಾಕು: ಮೊದಲ ಪತ್ರದ ದಿನಾಂಕ, ಮೊತ್ತ, ಏಳು ದಿನದ ಗಡುವು. ಅದರಲ್ಲಿ ಕಾನೂನಿನ ಹೆಸರು ಬರಲಿ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಕಿರು ಮತ್ತು ಸಣ್ಣ ಉದ್ಯಮದಿಂದ ಸರಕು ಪಡೆದವರು ಒಪ್ಪಿದ ದಿನದೊಳಗೆ ಹಣ ಕೊಡಬೇಕು. ಒಪ್ಪಂದ ಏನೇ ಇರಲಿ, ಸರಕು ಸ್ವೀಕರಿಸಿ 45 ದಿನ ಮೀರುವಂತಿಲ್ಲ. ಮೀರಿದರೆ ಕಾಯ್ದೆ ಅವರ ಮೇಲೆ ದೊಡ್ಡ ಬಡ್ಡಿಯನ್ನೂ ಹೇರುತ್ತದೆ. ಬಡ್ಡಿ ಬೇಡ ಎನ್ನುವ ಸಹೋದರಿಯರು ಪತ್ರದಲ್ಲಿ ಅದನ್ನು ಕೇಳದೆ ಅಸಲನ್ನು ಮಾತ್ರ ಕೇಳಬಹುದು. ಬಡ್ಡಿ ಬಿಟ್ಟ ಮಾತ್ರಕ್ಕೆ ಅಸಲಿನ ಹಕ್ಕು ಹೋಗುವುದಿಲ್ಲ.

ಆಮೇಲೂ ಹಣ ಬಾರದಿದ್ದರೆ ಇದೇ ಕಾಯ್ದೆಯಡಿ ಇರುವ ಸೌಲಭ್ಯ ಮಂಡಳಿಗೆ ದೂರು ಕೊಡಬಹುದು. ಮಂಡಳಿ ಮೊದಲು ರಾಜಿಗೆ ಯತ್ನಿಸುತ್ತದೆ. ಇದಕ್ಕೆ ಉದ್ಯಮ್ ನೋಂದಣಿ ಬೇಕು. 2020ರ ಜುಲೈಯಿಂದ ಇರುವ ಈ ನೋಂದಣಿ ಆಧಾರ್ ಸಂಖ್ಯೆಯಿಂದ ಆಗುತ್ತದೆ, ಶುಲ್ಕವಿಲ್ಲ. ಆದರೆ ಸರಕು ಕೊಡುವ ಮೊದಲೇ ಮಾಡಿಸಿರಬೇಕು. ಬಾಕಿ ಬಿದ್ದ ಮೇಲೆ ಮಾಡಿಸಿದರೆ ತಕರಾರು ಏಳುತ್ತದೆ. ಇನ್ನೊಂದು ಮಿತಿ: ಈ ಹಣ ವಸೂಲಿ ಸವಲತ್ತು ತಯಾರಿಸುವವರಿಗೆ ಮತ್ತು ಸೇವೆ ನೀಡುವವರಿಗೆ. ಸ್ವತಃ ಹೊಲಿದು ಕೊಡುವವರಿಗೆ ಇದು ಸಲ್ಲುತ್ತದೆ, ಸಿದ್ಧ ಬಟ್ಟೆ ತಂದು ಮಾರುವವರಿಗೆ ಇಲ್ಲ. ಅಂಥವರಿಗೆ ಸಿವಿಲ್ ನ್ಯಾಯಾಲಯ ಅಥವಾ ಕಾನೂನು ಸೇವಾ ಪ್ರಾಧಿಕಾರದ ಲೋಕ ಅದಾಲತ್ ಇದೆ. ಮಹಿಳೆಯರಿಗೆ ಪ್ರಾಧಿಕಾರದಲ್ಲಿ ವಕೀಲರ ನೆರವು ಉಚಿತ.

ಯಾವ ಕಡೆ ಹೋದರೂ ಮೊದಲು ಕೇಳುವುದು ಮೂರೇ ಕಾಗದ: ಬಿಲ್ಲು, ಸರಕು ತಲುಪಿದ್ದಕ್ಕೆ ಸಹಿ, ನೀವು ಬರೆದ ಪತ್ರದ ಪ್ರತಿ. ಇವತ್ತೇ ಒಂದು ಫೈಲಿನಲ್ಲಿ ಈ ಮೂರನ್ನೂ ಜೋಡಿಸಿಡಿ. ಮುಂದಿನ ಸರಕು ಕಳುಹಿಸುವಾಗ ಬಿಲ್ಲಿನ ಮೇಲೆ ಹಣ ಕೊಡಬೇಕಾದ ದಿನಾಂಕ ಬರೆಯಲು ಮರೆಯಬೇಡಿ.