ಐದನೆಯ ಸರ್ವರ್ ಬಂದಾಗ

ನಾಲ್ಕು ಸರ್ವರ್‌ಗಳಿಗೆ ಮಾಹಿತಿ ಹಂಚಲು ಸುಲಭವಾದ ಲೆಕ್ಕವೊಂದಿದೆ. ಪ್ರತಿ ಮಾಹಿತಿಗೂ ‘ಕೀ’ ಎಂಬ ಹೆಸರಿರುತ್ತದೆ. ಹ್ಯಾಶ್ ಸೂತ್ರ ಆ ಹೆಸರನ್ನು ಸಂಖ್ಯೆಯಾಗಿಸುತ್ತದೆ. ಅದನ್ನು 4ರಿಂದ ಭಾಗಿಸಿದಾಗ ಬರುವ ಶೇಷವೇ ಸರ್ವರ್‌ನ ಸಂಖ್ಯೆ.

ಐದನೆಯ ಸರ್ವರ್ ಸೇರಿದ ದಿನ ಈ ಲೆಕ್ಕ ಕೆಡುತ್ತದೆ. ಇನ್ನು 5ರಿಂದ ಭಾಗಿಸಬೇಕು. 4ಕ್ಕೂ 5ಕ್ಕೂ ಒಂದೇ ಶೇಷ ಬರುವುದು ಪ್ರತಿ 20 ಸಂಖ್ಯೆಗಳಲ್ಲಿ 4ಕ್ಕೆ ಮಾತ್ರ. ಮಿಕ್ಕ 16, ಅಂದರೆ ನೂರಕ್ಕೆ ಎಂಬತ್ತರಷ್ಟು ಕೀಗಳು ವಿಳಾಸ ಬದಲಿಸುತ್ತವೆ. ಇವು ಕ್ಯಾಶ್ ಸರ್ವರ್‌ಗಳಾಗಿದ್ದರೆ ಹುಡುಕಿದ್ದು ಸಿಗದೆ, ಕೋರಿಕೆಗಳೆಲ್ಲ ಒಮ್ಮೆಗೇ ಡೇಟಾಬೇಸ್ ಮೇಲೆ ಬೀಳುತ್ತವೆ. ಹೊರೆ ಇಳಿಸಲು ತಂದ ಯಂತ್ರವೇ ಹೊರೆ ಹೇರುತ್ತದೆ.

1997ರಲ್ಲಿ ಎಂಐಟಿಯ ಡೇವಿಡ್ ಕಾರ್ಗರ್, ಟಾಮ್ ಲೇಟನ್, ಡೇನಿಯಲ್ ಲೆವಿನ್ ಮತ್ತು ಸಂಗಡಿಗರು ಇದಕ್ಕೆ ‘ಕನ್ಸಿಸ್ಟೆಂಟ್ ಹ್ಯಾಶಿಂಗ್’ ಎಂಬ ಪರಿಹಾರ ಕೊಟ್ಟರು. ಅದರಲ್ಲಿ ಭಾಗಾಕಾರವಿಲ್ಲ, ಒಂದು ವೃತ್ತವಿದೆ. ಅದರ ಸುತ್ತ 0ರಿಂದ 99ರವರೆಗೆ ಮನೆಗಳಿವೆ ಎಂದುಕೊಳ್ಳಿ. ಹ್ಯಾಶ್ ಪ್ರಕಾರ ಸರ್ವರ್‌ಗಳೂ ಅಲ್ಲೇ ಕೂರುತ್ತವೆ: ಅ 10ರಲ್ಲಿ, ಬ 35ರಲ್ಲಿ, ಕ 60ರಲ್ಲಿ, ಡ 85ರಲ್ಲಿ. ಕೀ ತನ್ನ ಮನೆಯಿಂದ ಪ್ರದಕ್ಷಿಣೆ ಹೊರಟು ಮೊದಲು ಸಿಕ್ಕ ಸರ್ವರ್‌ಗೆ ಸೇರುತ್ತದೆ. 42 ಮತ್ತು 50 ‘ಕ’ಗೆ ಹೋಗುತ್ತವೆ, 90 ಸುತ್ತು ಮುಗಿಸಿ ‘ಅ’ಗೆ ಬರುತ್ತದೆ.

ಈಗ ‘ಎ’ ಎಂಬ ಹೊಸ ಸರ್ವರ್ 48ರಲ್ಲಿ ಕೂರಲಿ. 36ರಿಂದ 48ರವರೆಗಿನ 13 ಮನೆಗಳು ಅದರ ಪಾಲಾಗುತ್ತವೆ. 42 ಸ್ಥಳ ಬದಲಿಸುತ್ತದೆ, 50 ಕದಲುವುದಿಲ್ಲ. ಅ, ಬ, ಡ ಸರ್ವರ್‌ಗಳ ಒಂದು ಕೀಯೂ ಅಲುಗುವುದಿಲ್ಲ.

ಆದರೆ ಕೊರತೆ ಇಲ್ಲೇ ಕಾಣುತ್ತದೆ. ಹೊರೆ ಇಳಿದದ್ದು ‘ಕ’ ಒಂದಕ್ಕೆ. ಉಳಿದ ಮೂರೂ ಮೊದಲಿನಂತೆ 25 ಮನೆಗಳನ್ನು ಹೊತ್ತಿವೆ. ಹಾಗಾಗಿ ಪ್ರತಿ ಸರ್ವರನ್ನೂ ವೃತ್ತದಲ್ಲಿ ಒಂದೇ ಕಡೆಯಲ್ಲ, ನೂರಾರು ಕಡೆ ಕೂರಿಸುತ್ತಾರೆ. ಆಗ ಹೊಸ ಸರ್ವರ್ ಎಲ್ಲರಿಂದಲೂ ಚೂರುಚೂರು ಪಡೆದು, ಸರಾಸರಿ ಐದನೇ ಒಂದು ಪಾಲನ್ನು ಹೊರುತ್ತದೆ. ಆದರೂ ಲಕ್ಷಾಂತರ ಜನ ಒಂದೇ ಕೀಯನ್ನು ಕೇಳಿದರೆ ಈ ಹಂಚಿಕೆ ಉಪಯೋಗಕ್ಕೆ ಬಾರದು. ಒಂದು ಕೀ ಒಂದೇ ಸರ್ವರ್‌ನಲ್ಲಿರುತ್ತದೆ.

ಕ್ಯಾಶ್‌ನಲ್ಲಿ ನನ್ನ ಪ್ರಕಾರ ಹೆಚ್ಚು ಎಚ್ಚರ ಬೇಕಾದದ್ದು ಬಿಟ್ಟುಹೋದ ಪ್ರತಿಯ ಬಗ್ಗೆ. 42 ‘ಎ’ಗೆ ಹೋದರೂ ಅದರ ಹಳೆಯ ಪ್ರತಿ ‘ಕ’ದಲ್ಲಿ ಉಳಿದಿರಬಹುದು. ಆಮೇಲೆ ಬಳಕೆದಾರ ತನ್ನ ಫೋಟೊ ಬದಲಿಸಿದರೆ ಹೊಸದು ‘ಎ’ಯಲ್ಲಿ ಮಾತ್ರ ಇರುತ್ತದೆ. ಒಂದು ರಾತ್ರಿ ‘ಎ’ ಕೆಟ್ಟು ನಿಂತಿತೆನ್ನಿ: 42ರ ಕೋರಿಕೆ ‘ಕ’ಗೆ ಮರಳುತ್ತದೆ, ಹಳೆಯ ಫೋಟೊ ಮತ್ತೆ ತೆರೆಯ ಮೇಲೆ ಬರುತ್ತದೆ. ಅದಕ್ಕೇ ಕ್ಯಾಶ್‌ಗೆ ಹಾಕುವ ಪ್ರತಿಯೊಂದಕ್ಕೂ ಇಷ್ಟು ನಿಮಿಷ ಎಂಬ ಆಯುಸ್ಸು ಬರೆದೇ ಇಡುತ್ತಾರೆ.